ಗಟ್ಟಿಯಾಗಿ ಒಮ್ಮೆ, ಕೊನೆಯಿಂದ ಒಮ್ಮೆ

ತಾವೇ ಬರೆದ ಉದ್ದನೆಯ ಬರಹದಲ್ಲಿ ಉಳಿದುಹೋದ ತಪ್ಪುಗಳನ್ನು ಹಿಡಿಯಲು ಎರಡು ಹಳೆಯ ವಿಧಾನಗಳಿವೆ. ಒಂದು, ಬರಹವನ್ನು ಬಾಯಿಬಿಟ್ಟು ಗಟ್ಟಿಯಾಗಿ ಓದುವುದು. ಇನ್ನೊಂದು, ಕೊನೆಯ ಪುಟದ ಕೊನೆಯ ಸಾಲಿನಿಂದ ಶುರುಮಾಡಿ ಮೊದಲ ಪುಟದ ಕಡೆಗೆ ಓದುತ್ತ ಬರುವುದು. ಎರಡೂ ಒಂದೇ ಕೆಲಸ ಮಾಡುತ್ತವೆಂದು ತಿಳಿದು ಯಾವುದಾದರೂ ಒಂದನ್ನು ಮುಗಿಸಿ ಕಡತವನ್ನು ಕಳಿಸಿಬಿಡುವವರು ಬಹಳ. ನಿಜದಲ್ಲಿ ಇವು ಹಿಡಿಯುವ ತಪ್ಪುಗಳ ಜಾತಿಯೇ ಬೇರೆ. ವಾಕ್ಯದ ಜೋಡಣೆಯಲ್ಲಿ ಆದ ಎಡವಟ್ಟು ಕಿವಿಗೆ ಸಿಗುತ್ತದೆ, ಅಕ್ಷರದಲ್ಲಿ ಆದದ್ದು ಕಣ್ಣಿಗೇ ಸಿಗಬೇಕು. ಕನ್ನಡದಲ್ಲಿ ಈ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. ಬರವಣಿಗೆಯಲ್ಲಿ ಬೇರೆ ಬೇರೆಯಾಗಿರುವ ಎಷ್ಟೋ ಅಕ್ಷರಗಳು ಮಾತಿನಲ್ಲಿ ಒಂದೇ ಆಗಿಬಿಟ್ಟಿರುವುದು ಅದಕ್ಕೆ ಕಾರಣ.

ಸುಮ್ಮನೆ ಮನಸ್ಸಿನಲ್ಲೇ ಓದಿದಾಗ ತಪ್ಪು ಏಕೆ ಕಾಣುವುದಿಲ್ಲ ಎಂಬುದನ್ನು ಮೊದಲು ನೋಡಬೇಕು. ಓದುವ ಕಣ್ಣು ಸಾಲಿನ ಮೇಲೆ ಒಂದೇ ಸಮನೆ ಜಾರುವುದಿಲ್ಲ. ಒಂದು ಕಡೆ ಸುಮಾರು ಕಾಲು ಸೆಕೆಂಡು ನಿಲ್ಲುತ್ತದೆ, ಅಲ್ಲಿಂದ ನೆಗೆದು ಇನ್ನೊಂದು ಕಡೆ ನಿಲ್ಲುತ್ತದೆ. ನಿಂತ ಜಾಗದ ಆಚೀಚಿನ ಕೆಲವೇ ಅಕ್ಷರಗಳು ಸ್ಪಷ್ಟವಾಗಿ ಕಾಣುತ್ತವೆ. ಉಳಿದದ್ದನ್ನು ಮನಸ್ಸು ಸಂದರ್ಭದಿಂದ ಊಹಿಸಿಕೊಂಡು ಮುಂದೆ ಹೋಗುತ್ತದೆ. ಪದ ಎಷ್ಟು ಪರಿಚಿತವೋ ಅದರ ಅಕ್ಷರಗಳ ಮೇಲೆ ಗಮನ ಅಷ್ಟು ಕಡಿಮೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಆಲಿಸ್ ಹೀಲಿ 1976ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಚೆನ್ನಾಗಿ ತೋರಿಸಿಕೊಟ್ಟಿತು. ಇಂಗ್ಲಿಷ್ ಗದ್ಯವನ್ನು ಓದುತ್ತ ‘ಟಿ’ ಅಕ್ಷರ ಬಂದಲ್ಲೆಲ್ಲ ಗುರುತು ಹಾಕಬೇಕೆಂದು ಓದುಗರಿಗೆ ಹೇಳಲಾಗಿತ್ತು. ಪುಟದಲ್ಲಿ ಹೆಜ್ಜೆಹೆಜ್ಜೆಗೂ ಬರುವ ‘ದಿ’ ಎಂಬ ಪುಟ್ಟ ಪದದ ‘ಟಿ’ಗಳನ್ನೇ ಅವರು ಹೆಚ್ಚಾಗಿ ಬಿಟ್ಟಿದ್ದರು.

ಬೇರೆಯವರ ಬರಹದಲ್ಲೇ ಹೀಗಾದರೆ, ಸ್ವಂತ ಬರಹದ ಕಥೆ ಇನ್ನೂ ಕಷ್ಟ. ಬರೆದವರಿಗೆ ಮುಂದಿನ ಪದ ಯಾವುದೆಂದು ಓದುವ ಮೊದಲೇ ಗೊತ್ತಿರುತ್ತದೆ. ತಾವು ಹೇಳಬೇಕೆಂದುಕೊಂಡದ್ದು ತಲೆಯಲ್ಲಿ ಸ್ಪಷ್ಟವಾಗಿರುವುದರಿಂದ ಕಾಗದದ ಮೇಲಿರುವುದೂ ಅದೇ ಎಂದು ಮನಸ್ಸು ನಂಬುತ್ತದೆ. ಹೀಗೆ ಹತ್ತು ಸಲ ಓದಿದರೂ ಅದೇ ತಪ್ಪು ಹತ್ತೂ ಸಲ ತಪ್ಪಿಸಿಕೊಳ್ಳುತ್ತದೆ. ಗಟ್ಟಿಯಾಗಿ ಓದುವುದೂ ಕೊನೆಯಿಂದ ಓದುವುದೂ ಈ ಊಹೆಯ ಓಟಕ್ಕೆ ತಡೆ ಹಾಕುವ ಉಪಾಯಗಳು. ಮೊದಲನೆಯದು ಓಟವನ್ನು ನಿಧಾನಗೊಳಿಸುತ್ತದೆ, ಎರಡನೆಯದು ಊಹೆಗೆ ಆಧಾರವಾದ ಸಂದರ್ಭವನ್ನೇ ತೆಗೆದುಹಾಕುತ್ತದೆ.

ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘವೊಂದರ ವಾರ್ಷಿಕ ವರದಿಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಇಪ್ಪತ್ತು ಪುಟದ ಈ ವರದಿಯನ್ನು ಕಾರ್ಯದರ್ಶಿ ಕಂಪ್ಯೂಟರಿನಲ್ಲಿ ತಾವೇ ಟೈಪ್ ಮಾಡಿದ್ದಾರೆ. ಸರ್ವ ಸದಸ್ಯರ ಸಭೆಗೆ ಮುಂಚೆ ಅದು ಮುದ್ರಣಕ್ಕೆ ಹೋಗಬೇಕು. ಅದರ ನಡುವೆ ಎಲ್ಲೋ ಈ ಎರಡು ವಾಕ್ಯಗಳಿವೆ:

“ಆಡಳಿತ ಮಂಡಳಿಯ ತೀರ್ಮಾನದಂತೆ ಹಲ್ಲಿಯ ಎಲ್ಲ ಸದಸ್ಯರು ಈ ವರ್ಷ ಮೇವಿನ ಬೀಜವನ್ನು ಉಚಿತವಾಗಿ ವಿತರಿಸಲಾಗಿದೆ. ಇದಕ್ಕೆ ತಗುಲಿದ ರೂ. 48,650 ವೆಚ್ಚವನ್ನು ವಿಷೇಶ ನಿಧಿಯಿಂದ ಭರಿಸಲಾಗಿದ್ದು, ನಿಧಿಯಲ್ಲಿ ಉಳಿದ ಹಣವನ್ನು ಮುಂದಿನ ಸಾಲಿನಲ್ಲಿ ಪಶು ವೈದ್ಯಕೀಯ ಶಿಬಿರಕ್ಕೆ ಬಳಸಬಾರದು ಎಂದು ನಿರ್ಣಯಿಸಲಾಗಿದೆ.”

ಇದರಲ್ಲಿ ಐದು ತಪ್ಪುಗಳಿವೆ. ಮೊದಲನೆಯದು ‘ಹಲ್ಲಿಯ’ ಎಂಬುದು. ಅಲ್ಲಿ ಇರಬೇಕಾದದ್ದು ‘ಹಳ್ಳಿಯ’. ನುಡಿ ತಂತ್ರಾಂಶದ ಕೀಲಿಮಣೆಯಲ್ಲಿ ‘ಲ’ ಮತ್ತು ‘ಳ’ ಎರಡೂ ಒಂದೇ ಕೀಲಿಯ ಮೇಲಿವೆ. ಶಿಫ್ಟ್ ಹಿಡಿದು ಒತ್ತಿದರೆ ಳ, ಬೆರಳು ಶಿಫ್ಟ್ ತಪ್ಪಿಸಿದರೆ ಲ. ಹೀಗಾಗಿ ಹಳ್ಳಿ ಹಲ್ಲಿಯಾಗುತ್ತದೆ, ಬೆಳೆ ಬೆಲೆಯಾಗುತ್ತದೆ, ಹಾಲು ಕೊಳ್ಳುವವರು ಕೊಲ್ಲುವವರಾಗುತ್ತಾರೆ. ಕಾಗುಣಿತ ತಿದ್ದುವ ತಂತ್ರಾಂಶ ಇದನ್ನು ಹಿಡಿಯುವುದಿಲ್ಲ. ಹಲ್ಲಿಯೂ ಕೊಲ್ಲುವುದೂ ಸರಿಯಾದ ಕನ್ನಡ ಪದಗಳೇ. ಎರಡನೆಯದು ವಾಕ್ಯರಚನೆಯ ತಪ್ಪು. ‘ಸದಸ್ಯರು’ ಎಂದು ಶುರುವಾದ ವಾಕ್ಯ ‘ವಿತರಿಸಲಾಗಿದೆ’ ಎಂದು ಮುಗಿದಿದೆ. ಮೂರನೆಯದು ‘ವಿಷೇಶ’, ‘ವಿಶೇಷ’ದ ಶ ಮತ್ತು ಷ ಅದಲುಬದಲಾಗಿವೆ. ನಾಲ್ಕನೆಯದು ಮೊತ್ತ. ಖಾತೆ ಪುಸ್ತಕದಲ್ಲಿ ಇರುವುದು 46,850. ಆರು ಮತ್ತು ಎಂಟು ಜಾಗ ಬದಲಿಸಿಕೊಂಡಿವೆ. ಐದನೆಯದು ಎಲ್ಲಕ್ಕಿಂತ ಅಪಾಯದ್ದು. ಸಭೆ ನಿರ್ಣಯಿಸಿದ್ದು ‘ಬಳಸಬಹುದು’ ಎಂದು, ವರದಿ ಹೇಳುತ್ತಿರುವುದು ‘ಬಳಸಬಾರದು’ ಎಂದು.

ಈಗ ಕಾರ್ಯದರ್ಶಿ ಈ ಪುಟವನ್ನು ಗಟ್ಟಿಯಾಗಿ ಓದುತ್ತಾರೆ ಎಂದುಕೊಳ್ಳೋಣ. ಓದು ಪಕ್ಕದ ಕೋಣೆಗೆ ಕೇಳಿಸುವಷ್ಟಾದರೂ ಇರಬೇಕು. ತುಟಿಯಲ್ಲೇ ಗುನುಗಿದರೆ ನಾಲಿಗೆ ಅರ್ಧ ಪದಗಳನ್ನು ನುಂಗುತ್ತದೆ, ನುಂಗಿದ ಭಾಗವನ್ನು ಮನಸ್ಸು ಹಳೆಯ ಅಭ್ಯಾಸದಂತೆ ತುಂಬಿಕೊಳ್ಳುತ್ತದೆ. ವೇಗವೂ ಸಭೆಯಲ್ಲಿ ಓದುವುದಕ್ಕಿಂತ ನಿಧಾನವಿರಬೇಕು. ಸುಮಾರು 300 ಪದಗಳ ಒಂದು ಪುಟಕ್ಕೆ ಮೂರೂವರೆ ನಾಲ್ಕು ನಿಮಿಷ ಹಿಡಿದರೆ ಆ ಓದು ಹದವಾಗಿದೆ ಎನ್ನಬಹುದು. ಪ್ರತಿ ಪ್ರತ್ಯಯವನ್ನೂ ಕೊನೆಯ ಸ್ವರದವರೆಗೆ ಉಚ್ಚರಿಸಬೇಕು. ಕನ್ನಡದಲ್ಲಿ ಯಾರು, ಯಾರಿಗೆ, ಯಾವುದರಿಂದ ಎಂಬುದೆಲ್ಲ ಪದದ ಬಾಲದಲ್ಲಿರುತ್ತದೆ. ಆತುರದ ಓದು ಮೊದಲು ಕತ್ತರಿಸುವುದೂ ಆ ಬಾಲವನ್ನೇ.

ಹೀಗೆ ಓದಿದಾಗ ‘ಹಲ್ಲಿಯ ಎಲ್ಲ ಸದಸ್ಯರು’ ಎಂಬುದು ಕಿವಿಗೆ ಬಿದ್ದೊಡನೆ ಓದು ನಿಲ್ಲುತ್ತದೆ. ಮನಸ್ಸಿನಲ್ಲಿ ಓದುವಾಗ ಹಳ್ಳಿ ಎಂದೇ ಕಂಡದ್ದು ನಾಲಿಗೆಯ ಮೇಲೆ ಹಲ್ಲಿಯಾಗಿಯೇ ಬರುತ್ತದೆ. ವಾಕ್ಯದ ಇನ್ನೊಂದು ತಪ್ಪೂ ಇಲ್ಲೇ ಸಿಗುತ್ತದೆ. ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ, ಗಟ್ಟಿಯಾಗಿ ಓದುವ ಧ್ವನಿ ‘ಸದಸ್ಯರು’ ಎಂಬುದನ್ನು ಹಿಡಿದುಕೊಂಡೇ ಕೊನೆಯವರೆಗೂ ಸಾಗುತ್ತದೆ. ಅಲ್ಲಿ ‘ಪಡೆದಿದ್ದಾರೆ’ ಎಂಬಂಥ ಪದ ಬರಬೇಕೆಂದು ಕಿವಿ ಕಾದಿರುತ್ತದೆ. ‘ವಿತರಿಸಲಾಗಿದೆ’ ಬಂದಾಗ ಧ್ವನಿ ಮುಗ್ಗರಿಸುತ್ತದೆ. ಕಂಪ್ಯೂಟರಿನಲ್ಲಿ ಬರೆದ ಉದ್ದನೆಯ ಬರಹಗಳಲ್ಲಿ ಈ ಬಗೆಯ ತಪ್ಪು ಬಹಳ. ವಾಕ್ಯ ಮೊದಲು ‘ಸದಸ್ಯರು ಬೀಜವನ್ನು ಉಚಿತವಾಗಿ ಪಡೆದಿದ್ದಾರೆ’ ಎಂದೇ ಇದ್ದಿರುತ್ತದೆ. ಆಮೇಲೆ ಸಂಘದ ಕೆಲಸ ಎದ್ದು ಕಾಣಲಿ ಎಂದು ಕೊನೆಯ ಪದವನ್ನಷ್ಟೇ ಬದಲಿಸಿ, ಆರಂಭವನ್ನು ಹಾಗೇ ಬಿಟ್ಟಿರುತ್ತಾರೆ. ಬದಲಾಯಿಸಿದ ಜಾಗದಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತದೆ. ತಪ್ಪು ಕೂತಿರುವುದು ಅದಕ್ಕಿಂತ ಆರೇಳು ಪದ ಹಿಂದೆ.

ಓದುವಾಗ ನಾಲಿಗೆ ಎಡವಿದ ಕಡೆ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆದು ಮುಂದೆ ಹೋಗುವುದು ಒಳ್ಳೆಯದು. ಅಲ್ಲಲ್ಲೇ ತಿದ್ದಲು ಕೂತರೆ ಓದುವ ಮನಸ್ಸು ಬರೆಯುವ ಮನಸ್ಸಾಗಿ ಬದಲಾಗುತ್ತದೆ, ಮುಂದಿನ ಅರ್ಧ ಪುಟ ಮತ್ತೆ ಊಹೆಯ ಓದಾಗುತ್ತದೆ. ಒಂದು ಅಧ್ಯಾಯವೋ ನಾಲ್ಕೈದು ಪುಟವೋ ಮುಗಿದ ಮೇಲೆ ಹಿಂತಿರುಗಿ ಗೆರೆಗಳನ್ನೆಲ್ಲ ನೋಡಬಹುದು. ನಾಲಿಗೆ ಎಡವಿದಲ್ಲೆಲ್ಲ ತಪ್ಪು ಇರಲೇಬೇಕೆಂದಿಲ್ಲ, ಆದರೆ ಏನೋ ಒಂದು ಇರುತ್ತದೆ. ಒಂದೇ ಪದ ಎರಡು ಸಲ ಬಿದ್ದಿರಬಹುದು, ಅಲ್ಪವಿರಾಮ ತಪ್ಪು ಜಾಗದಲ್ಲಿರಬಹುದು, ಕ್ರಿಯಾಪದ ಸಿಗುವ ಮೊದಲೇ ಉಸಿರು ಮುಗಿಯುವಷ್ಟು ವಾಕ್ಯ ಬೆಳೆದಿರಬಹುದು. ಓದಿದವರೇ ಎಡವಿದ ಜಾಗದಲ್ಲಿ ಸಭೆಯ ಸದಸ್ಯರೂ ಎಡವುತ್ತಾರೆ ಎಂಬ ಕಾರಣಕ್ಕಾದರೂ ಆ ಗೆರೆಗಳನ್ನು ಬಿಡಬಾರದು.

ಗಟ್ಟಿಯಾಗಿ ಓದಲು ಗಂಟಲು ಒಪ್ಪದಿದ್ದರೆ ಫೋನಿನ ಕನ್ನಡ ಧ್ವನಿಯಿಂದ ಓದಿಸಿ ಕೇಳುವುದೂ ಉಂಟು. ಯಂತ್ರಕ್ಕೆ ಬರೆದವರ ಉದ್ದೇಶ ತಿಳಿಯದು, ಇದ್ದದ್ದನ್ನು ಇದ್ದಂತೆ ಓದುತ್ತದೆ. ಎರಡು ಸಲ ಬಿದ್ದ ಪದ, ಬಿಟ್ಟುಹೋದ ಪದ ಅದರ ಓದಿನಲ್ಲಿ ಚೆನ್ನಾಗಿ ಸಿಗುತ್ತವೆ. ಆದರೆ ಅದು ಎಡವುವುದಿಲ್ಲ. ಮುರಿದ ವಾಕ್ಯವನ್ನೂ ನೆಟ್ಟಗಿರುವ ವಾಕ್ಯವನ್ನೂ ಒಂದೇ ಏರಿಳಿತದಲ್ಲಿ ಹೇಳಿಬಿಡುತ್ತದೆ. ಹಾಗಾಗಿ ರಚನೆಯ ತಪ್ಪಿಗೆ ಸ್ವಂತ ನಾಲಿಗೆಯೇ ಹೆಚ್ಚು ನಂಬಿಕೆಯದು.

ಇಷ್ಟಾದರೂ ‘ವಿಷೇಶ’ ಕಾರ್ಯದರ್ಶಿಯ ಕಿವಿಯನ್ನು ದಾಟಿಹೋಗಿದೆ. ಅದು ಅವರ ಅಜಾಗರೂಕತೆಯಲ್ಲ. ಹೆಚ್ಚಿನ ಕನ್ನಡಿಗರ ಮಾತಿನಲ್ಲಿ ಶ ಮತ್ತು ಷ ಒಂದೇ ಧ್ವನಿ. ಅಲ್ಪಪ್ರಾಣ ಮಹಾಪ್ರಾಣಗಳೂ ಎಷ್ಟೋ ಜನರ ನಾಲಿಗೆಯಲ್ಲಿ ಬೇರೆಯಾಗಿ ಉಳಿದಿಲ್ಲ. ‘ದೃಢ’ವನ್ನು ‘ಧೃಡ’ ಎಂದು ಬರೆದಿದ್ದರೂ, ‘ಬಾಧೆ’ ‘ಭಾದೆ’ಯಾಗಿದ್ದರೂ ಓದುವಾಗ ಬರುವ ಸದ್ದು ಒಂದೇ ಇರಬಹುದು. ಕೆಲವು ಕಡೆಯ ಆಡುಮಾತಿನಲ್ಲಿ ಳ ಮತ್ತು ಲ, ಣ ಮತ್ತು ನ, ಹ ಮತ್ತು ಅ ಕೂಡ ಬೆರೆತುಹೋಗುತ್ತವೆ. ಅಂಥವರಿಗೆ ಹಲ್ಲಿಯೂ ಕಿವಿಯಿಂದ ತಪ್ಪಿಸಿಕೊಳ್ಳಬಹುದು. ತನ್ನ ಬಾಯಿ ಯಾವ ಯಾವ ಅಕ್ಷರಗಳನ್ನು ಒಂದು ಮಾಡುತ್ತದೆ ಎಂಬುದನ್ನು ಬರೆಯುವವರು ಒಮ್ಮೆ ಗುರುತಿಸಿಕೊಂಡರೆ, ಗಟ್ಟಿ ಓದು ಎಲ್ಲಿ ಕೈಕೊಡುತ್ತದೆ ಎಂಬುದು ಮೊದಲೇ ತಿಳಿದಿರುತ್ತದೆ. ಆ ಅಕ್ಷರಗಳ ಹೊಣೆಯನ್ನು ಕೊನೆಯಿಂದ ಓದುವ ಕಣ್ಣಿಗೇ ಬಿಡಬೇಕು.

ಕೊನೆಯಿಂದ ಓದುವುದರಲ್ಲಿ ಎರಡು ಬಗೆ. ಒಂದರಲ್ಲಿ ಕೊನೆಯ ವಾಕ್ಯ, ಅದರ ಹಿಂದಿನದು, ಅದಕ್ಕೂ ಹಿಂದಿನದು ಎಂದು ವಾಕ್ಯ ವಾಕ್ಯವಾಗಿ ಹಿಂದೆ ಸರಿಯುವುದು; ವಾಕ್ಯದೊಳಗೆ ಓದು ಎಂದಿನಂತೆ ಎಡದಿಂದ ಬಲಕ್ಕೆ. ಇನ್ನೊಂದರಲ್ಲಿ ಸಾಲಿನ ಬಲತುದಿಯಿಂದ ಒಂದೊಂದೇ ಪದವನ್ನು ನೋಡುತ್ತ ಎಡಕ್ಕೆ ಬರುವುದು. ಇಪ್ಪತ್ತು ಪುಟದ ವರದಿ ಪೂರ್ತಿಯಾಗಿ ಪದ ಪದವಾಗಿ ಹಿಂದಕ್ಕೆ ಓದಿದರೆ ಮೂರನೆಯ ಪುಟಕ್ಕೇ ಕಣ್ಣು ಮಂಕಾಗುತ್ತದೆ. ಆದ್ದರಿಂದ ಮೈಬರಹಕ್ಕೆ ಮೊದಲ ಬಗೆ, ಶೀರ್ಷಿಕೆ, ಹೆಸರು, ಕೋಷ್ಟಕ, ಚಿತ್ರದ ಕೆಳಗಿನ ಬರಹ ಇವಕ್ಕೆ ಎರಡನೆಯ ಬಗೆ ಎಂದು ಹಂಚಿಕೊಳ್ಳುವುದು ನಡೆಯುವ ಮಾತು.

ಮುದ್ರಿಸಿದ ಪುಟದ ಮೇಲೆ ಒಂದು ಬಿಳಿಹಾಳೆ ಇಟ್ಟು, ಕೊನೆಯ ವಾಕ್ಯವನ್ನಷ್ಟೇ ಬಿಟ್ಟು ಮೇಲಿನದನ್ನೆಲ್ಲ ಮುಚ್ಚಬೇಕು. ಆ ವಾಕ್ಯ ಮುಗಿದಂತೆ ಹಾಳೆಯನ್ನು ಮೇಲೆ ಸರಿಸಬೇಕು. ಹಿಂದಿನ ವಾಕ್ಯ ಏನೆಂಬುದು ಕಣ್ಣೆದುರು ಇಲ್ಲದ್ದರಿಂದ ಕಥೆ ಮುಂದೆ ಎಳೆದುಕೊಂಡು ಹೋಗುವುದಿಲ್ಲ, ವಾಕ್ಯ ಒಂಟಿಯಾಗಿ ನಿಲ್ಲುತ್ತದೆ. ಪದ ಪದವಾಗಿ ನೋಡುವಾಗ ಕೆಲವರು ಸಾಲಿನ ಕೆಳಗೆ ಅಡಿಪಟ್ಟಿ ಇಟ್ಟುಕೊಳ್ಳುತ್ತಾರೆ. ಇಂಗ್ಲಿಷಿಗೆ ಇದು ಸರಿ. ಕನ್ನಡದಲ್ಲಿ ಒತ್ತಕ್ಷರಗಳು ಸಾಲಿನ ಅಡಿಯಲ್ಲಿ ಇಳಿಬಿದ್ದಿರುವುದರಿಂದ, ಅಕ್ಷರದ ಬುಡಕ್ಕೇ ಪಟ್ಟಿ ತಾಗಿಸಿದರೆ ಪರೀಕ್ಷಿಸಬೇಕಾದ ಒತ್ತೇ ಮುಚ್ಚಿಹೋಗುತ್ತದೆ. ಪಟ್ಟಿ ಒತ್ತಿಗಿಂತ ಕೆಳಗಿರಬೇಕು, ಇಲ್ಲವೇ ಪೆನ್ಸಿಲಿನ ಮೊನೆಯನ್ನು ಪದದ ಮೇಲ್ಭಾಗದಲ್ಲಿ ಇಟ್ಟು ಸಾಗಬೇಕು. ಒಂದೊಂದು ಪದದಲ್ಲೂ ಮೂರು ವಿಷಯ ತಪ್ಪದೆ ನೋಡಬೇಕು: ಒತ್ತು ಇದೆಯೇ, ದೀರ್ಘ ಇದೆಯೇ, ಸೊನ್ನೆ ಬಿಟ್ಟುಹೋಗಿದೆಯೇ. ನಮ್ಮ ಉದಾಹರಣೆಯ ‘ವಿಷೇಶ’ ಹೀಗೆ ಒಂಟಿಯಾಗಿ ನಿಂತಾಗಲೇ ಸಿಗುತ್ತದೆ.

ಈ ಓದಿಗೆ ಇನ್ನೊಂದು ಲಾಭವಿದೆ, ಅದನ್ನು ಗಮನಿಸಿದವರು ಕಡಿಮೆ. ಉದ್ದನೆಯ ಬರಹವನ್ನು ಪ್ರತಿ ಸಲ ಮೊದಲಿನಿಂದ ಓದಿದರೆ ಮೊದಲ ಪುಟಗಳಿಗೆ ತಾಜಾ ಕಣ್ಣು, ಕೊನೆಯ ಪುಟಗಳಿಗೆ ದಣಿದ ಕಣ್ಣು ದಕ್ಕುತ್ತದೆ. ವಾರ್ಷಿಕ ವರದಿಯಲ್ಲಿ ಜಮಾ-ಖರ್ಚಿನ ತಃಖ್ತೆಯೂ ಅನುಬಂಧಗಳೂ ಇರುವುದು ಆ ಕೊನೆಯ ಪುಟಗಳಲ್ಲೇ. ಕೊನೆಯಿಂದ ಶುರುಮಾಡಿದಾಗ ದಿನದ ಅತ್ಯಂತ ಚುರುಕಾದ ಗಮನ ಅಂಕಿಗಳ ಪಾಲಾಗುತ್ತದೆ.

ಪಾಠವನ್ನು ಹಿಂದುಮುಂದಾಗಿ ಹೇಳಿ ಕಾಪಾಡುವ ಪದ್ಧತಿ ನಮ್ಮಲ್ಲಿ ಬಹಳ ಹಳೆಯದು. ವೇದಪಾಠದ ಜಟಾ ಕ್ರಮದಲ್ಲಿ ಎರಡು ಪದಗಳನ್ನು ಮೊದಲು ನೇರವಾಗಿ, ನಂತರ ತಿರುಗಾಗಿ, ಮತ್ತೆ ನೇರವಾಗಿ ಹೇಳುತ್ತಾರೆ. ಘನಪಾಠದಲ್ಲಿ ಇದು ಮೂರು ಪದಗಳಿಗೆ ಬೆಳೆಯುತ್ತದೆ: ಒಂದು-ಎರಡು, ಎರಡು-ಒಂದು, ಒಂದು-ಎರಡು-ಮೂರು, ಮೂರು-ಎರಡು-ಒಂದು, ಮತ್ತೆ ಒಂದು-ಎರಡು-ಮೂರು. ಅಲ್ಲಿನ ಗುರಿ ತಪ್ಪು ತಿದ್ದುವುದಲ್ಲ, ಬಾಯಿಂದ ಬಾಯಿಗೆ ಹೋಗುವಾಗ ತಪ್ಪು ನುಸುಳದಂತೆ ನೋಡಿಕೊಳ್ಳುವುದು. ಆದರೂ ಕೆಲಸ ಮಾಡುವ ಬಗೆ ಒಂದೇ. ಪದಗಳ ಸರಣಿ ತಿರುಗಿದಾಗ ಅರ್ಥದ ಹರಿವು ನೆರವಿಗೆ ಬರುವುದಿಲ್ಲ, ಪ್ರತಿ ಪದವೂ ತನ್ನ ಸ್ವಂತ ರೂಪದಲ್ಲೇ ನೆನಪಿನಲ್ಲಿ ನಿಲ್ಲಬೇಕಾಗುತ್ತದೆ.

ಕೊನೆಯಿಂದ ಓದುವುದರ ಮಿತಿಯೂ ಇಲ್ಲಿಂದಲೇ ಹುಟ್ಟುತ್ತದೆ. ಪದ ಪದವಾಗಿ ನೋಡುವ ಕಣ್ಣಿಗೆ ‘ಹಲ್ಲಿಯ’ ಎಂಬುದು ನಿರ್ದೋಷಿ. ಅದು ಸರಿಯಾದ ಪದ, ತಪ್ಪು ಜಾಗದಲ್ಲಿದೆ ಅಷ್ಟೆ. ವಾಕ್ಯ ವಾಕ್ಯವಾಗಿ ಓದಿದರೂ, ‘ಮೇಲಿನ ನಿಧಿ’, ‘ಇದಕ್ಕೆ ತಗುಲಿದ’ ಎಂಬ ಮಾತುಗಳು ಯಾವುದನ್ನು ಹೇಳುತ್ತಿವೆ ಎಂಬುದು ತಿಳಿಯುವುದಿಲ್ಲ. ನಡುವಿನ ಒಂದು ಪ್ಯಾರಾವೇ ಹಾರಿಹೋಗಿದ್ದರೂ ಈ ಓದಿಗೆ ಗೊತ್ತಾಗದು.

ಇನ್ನು ಉಳಿದದ್ದು ಮೊತ್ತ ಮತ್ತು ‘ಬಳಸಬಾರದು’. ಇವೆರಡಕ್ಕೆ ಗಟ್ಟಿ ಓದೂ ಸಾಲದು, ಹಿಂದಕ್ಕೆ ಓದಿದರೂ ಸಾಲದು. 48,650 ಎಂಬುದು ಹೇಗೆ ಓದಿದರೂ ಒಂದು ಸರಿಯಾದ ಮೊತ್ತ. ‘ಬಳಸಬಾರದು’ ಎಂಬುದು ಕಾಗುಣಿತದಲ್ಲೂ ವ್ಯಾಕರಣದಲ್ಲೂ ಶುದ್ಧ, ಅರ್ಥ ಮಾತ್ರ ತಿರುವುಮುರುವು. 1631ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಬೈಬಲ್ಲಿನ ಒಂದು ಮುದ್ರಣದಲ್ಲಿ ವ್ಯಭಿಚಾರ ಮಾಡಬಾರದು ಎಂಬ ಆಜ್ಞೆಯಿಂದ ನಿಷೇಧದ ಪುಟ್ಟ ಪದವೊಂದು ಬಿಟ್ಟುಹೋಗಿ, ಆಜ್ಞೆ ಪೂರ್ತಿ ತಲೆಕೆಳಗಾಯಿತು. ಮುದ್ರಕರಾದ ರಾಬರ್ಟ್ ಬಾರ್ಕರ್ ಮತ್ತು ಮಾರ್ಟಿನ್ ಲ್ಯೂಕಸ್ ಅವರಿಗೆ ಅದಕ್ಕಾಗಿ 300 ಪೌಂಡ್ ದಂಡ ವಿಧಿಸಲಾಯಿತು. ಇಂಗ್ಲಿಷಿನಲ್ಲಿ ನಿಷೇಧಕ್ಕೆ ಬಿಡಿ ಪದವಾದರೂ ಇದೆ. ಕನ್ನಡದಲ್ಲಿ ಬಹುದು-ಬಾರದು ಎಂಬ ವ್ಯತ್ಯಾಸ ಕ್ರಿಯಾಪದದ ಬಾಲದ ಒಂದೆರಡು ಅಕ್ಷರಗಳಲ್ಲಿದೆ, ಅದೂ ಓದುವವರ ಗಮನ ಸಡಿಲವಾಗುವ ವಾಕ್ಯದ ಕೊನೆಯಲ್ಲಿ.

ಇಂಥ ತಪ್ಪಿಗೆ ಅಚ್ಚುಕೂಟಗಳು ಕಂಡುಕೊಂಡ ಪರಿಹಾರ ಗಟ್ಟಿ ಓದಿನದೇ ಇನ್ನೊಂದು ರೂಪ. ಒಬ್ಬರು ಮೂಲ ಹಸ್ತಪ್ರತಿಯನ್ನು ಹಿಡಿದು ಅಲ್ಪವಿರಾಮ, ಪೂರ್ಣವಿರಾಮ, ಹೊಸ ಪ್ಯಾರಾ ಎಂಬುದನ್ನೂ ಬಾಯಿಬಿಟ್ಟು ಹೇಳುತ್ತ ಓದುವುದು. ಪ್ರೂಫ್ ತಿದ್ದುವವರು ಅಚ್ಚಾದ ಕರಡಿನ ಮೇಲೆ ಕಣ್ಣಿಟ್ಟು ಅದನ್ನು ಹಿಂಬಾಲಿಸುವುದು. ಕಿವಿಗೆ ಬಿದ್ದದ್ದಕ್ಕೂ ಕಣ್ಣಿಗೆ ಕಂಡದ್ದಕ್ಕೂ ಹೊಂದಿಕೆ ತಪ್ಪಿದ ಕ್ಷಣ ಕೈ ಮೇಲೇಳುತ್ತದೆ. ಸಂಘದ ವರದಿಗೂ ಇದನ್ನೇ ಮಾಡಬಹುದು. ಗುಮಾಸ್ತರೊಬ್ಬರು ನಡಾವಳಿ ಪುಸ್ತಕದಿಂದ ನಿರ್ಣಯಗಳನ್ನೂ ಖಾತೆ ಪುಸ್ತಕದಿಂದ ಮೊತ್ತಗಳನ್ನೂ ಓದಬೇಕು, ಕಾರ್ಯದರ್ಶಿ ವರದಿಯಲ್ಲಿ ಬೆರಳಿಟ್ಟು ನೋಡಬೇಕು. ಮೊತ್ತವನ್ನು ‘ನಲವತ್ತಾರು ಸಾವಿರದ ಎಂಟುನೂರ ಐವತ್ತು’ ಎಂದು ಒಮ್ಮೆಗೇ ಹೇಳುವುದಕ್ಕಿಂತ ‘ನಾಲ್ಕು, ಆರು, ಎಂಟು, ಐದು, ಸೊನ್ನೆ’ ಎಂದು ಬಿಡಿಬಿಡಿಯಾಗಿ ಹೇಳುವುದು ಉತ್ತಮ. ಅಂಕಿ ಅದಲುಬದಲಾದದ್ದು ಆಗ ಎರಡನೆಯ ಸ್ಥಾನದಲ್ಲೇ ಗೊತ್ತಾಗುತ್ತದೆ. ಓದುವವರು ಮೂಲವನ್ನೇ ಓದಬೇಕು, ತಿದ್ದಬೇಕಾದ ಪ್ರತಿಯನ್ನಲ್ಲ. ವರದಿಯನ್ನೇ ಇಬ್ಬರೂ ನೋಡುತ್ತ ಕೂತರೆ ಅದೇ ತಪ್ಪನ್ನು ಇಬ್ಬರೂ ಸೇರಿ ಓದಿದಂತಾಗುತ್ತದೆ.

ಈ ಓದುಗಳ ಅನುಕ್ರಮವೂ ಮುಖ್ಯ. ಗಟ್ಟಿ ಓದು ಮೊದಲು ಬರಬೇಕು, ಏಕೆಂದರೆ ಅದು ವಾಕ್ಯಗಳನ್ನೇ ಬದಲಿಸುತ್ತದೆ. ಬದಲಿಸಿದ ಪ್ರತಿ ವಾಕ್ಯದಲ್ಲೂ ಹೊಸ ತಪ್ಪು ಹುಟ್ಟುವ ಸಾಧ್ಯತೆ ಇರುತ್ತದೆ. ಅದು ಮುಗಿದ ಮೇಲೆ ಮೂಲದೊಂದಿಗೆ ತಾಳೆ, ಕೊನೆಯಲ್ಲಿ ಹಿಂದಿನಿಂದ ಓದು. ಹಿಂದಿನಿಂದ ಓದುವಾಗ ಅಕ್ಷರ ಮಾತ್ರ ತಿದ್ದಬೇಕು. ಅಲ್ಲೂ ವಾಕ್ಯ ಬದಲಿಸಲೇಬೇಕಾಗಿ ಬಂದರೆ ಆ ವಾಕ್ಯವನ್ನೂ ಅದರ ಹಿಂದಿನ ಮತ್ತು ಮುಂದಿನ ವಾಕ್ಯಗಳನ್ನೂ ಸೇರಿಸಿ ಮತ್ತೊಮ್ಮೆ ಗಟ್ಟಿಯಾಗಿ ಓದಬೇಕು. ಬರೆದು ಮುಗಿಸಿದ ಕೂಡಲೇ ಓದಲು ಕೂರದೆ ಒಂದು ರಾತ್ರಿಯಾದರೂ ಬಿಟ್ಟರೆ ನೆನಪಿನ ಹಿಡಿತ ಸ್ವಲ್ಪ ಸಡಿಲವಾಗಿರುತ್ತದೆ. ಇಪ್ಪತ್ತು ಪುಟಕ್ಕೆ ಗಟ್ಟಿ ಓದೊಂದೇ ಸುಮಾರು ಒಂದೂಕಾಲು ಗಂಟೆ ಹಿಡಿಯುತ್ತದೆ. ನಾಲ್ಕೈದು ಪುಟಕ್ಕೊಮ್ಮೆ ಎದ್ದು ಬಂದರೆ ಗಂಟಲಿಗೂ ಗಮನಕ್ಕೂ ಒಳ್ಳೆಯದು.

ಸಮಯ ಅಷ್ಟಿಲ್ಲದಾಗ ಎಲ್ಲವನ್ನೂ ಅರೆಬರೆ ಓದುವುದಕ್ಕಿಂತ ಕೆಲವನ್ನು ಪೂರ್ತಿ ಓದುವುದು ಲೇಸು. ಮೊದಲ ಪುಟವನ್ನೂ ಕೊನೆಗಳಿಗೆಯಲ್ಲಿ ತಿದ್ದಿದ ಪ್ಯಾರಾಗಳನ್ನೂ ಗಟ್ಟಿಯಾಗಿ ಓದಬೇಕು. ಶೀರ್ಷಿಕೆಗಳು, ಜನರ ಹೆಸರುಗಳು, ದಿನಾಂಕಗಳು ಇವನ್ನು ಕೊನೆಯಿಂದ ನೋಡಬೇಕು. ದೊಡ್ಡ ಅಕ್ಷರದ ಶೀರ್ಷಿಕೆಯಲ್ಲಿ ತಪ್ಪಿರಲಾರದೆಂದು ಎಲ್ಲರೂ ನಂಬುವುದರಿಂದ ಅದನ್ನು ಯಾರೂ ಓದಿರುವುದಿಲ್ಲ. ಮೊತ್ತಗಳನ್ನು ಖಾತೆ ಪುಸ್ತಕದ ಜೊತೆ ತಾಳೆ ನೋಡಬೇಕು. ನಿರ್ಣಯಗಳಲ್ಲಿ ಬಹುದು, ಬಾರದು, ಕೂಡದು, ಇಲ್ಲ, ಅಲ್ಲ ಎಂದು ಮುಗಿಯುವ ವಾಕ್ಯಗಳನ್ನು ಆರಿಸಿ ನಡಾವಳಿಯ ಜೊತೆ ಹೋಲಿಸಲು ಅರ್ಧ ಗಂಟೆ ಸಾಕಾಗುತ್ತದೆ.

ಓದಿದ ಪ್ರತಿಯೇ ಕಳಿಸುವ ಪ್ರತಿಯೂ ಆಗಿರಬೇಕೆಂಬುದು ಕೊನೆಯ ಷರತ್ತು. ನುಡಿಯ ಹಳೆಯ ಅಕ್ಷರಶೈಲಿಯಲ್ಲಿದ್ದ ಬರಹವನ್ನು ಯೂನಿಕೋಡಿಗೆ ಪರಿವರ್ತಿಸಿದಾಗ ಕೆಲವೊಮ್ಮೆ ಒತ್ತಕ್ಷರಗಳು ಜಾಗ ತಪ್ಪುತ್ತವೆ, ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ. ಪಿಡಿಎಫ್ ಮಾಡಿದಾಗ ಕೋಷ್ಟಕದ ಕೊನೆಯ ಕಂಬಸಾಲು ಪುಟದಾಚೆ ಹೋಗಿಬಿಡುವುದೂ ಉಂಟು. ಇವು ಓದೆಲ್ಲ ಮುಗಿದ ಮೇಲೆ ಹುಟ್ಟುವ ತಪ್ಪುಗಳು. ಹಾಗಾಗಿ ಪರಿವರ್ತನೆ ಆದ ನಂತರದ ಕಡತವನ್ನೇ ತೆರೆದು, ಕೊನೆಯ ಪುಟದಿಂದ ಮೊದಲ ಪುಟದವರೆಗೆ ಹೆಸರು, ಅಂಕಿ ಮತ್ತು ಒತ್ತಕ್ಷರಗಳನ್ನಷ್ಟೇ ನೋಡುತ್ತ ಒಮ್ಮೆ ಬಂದು, ಆಮೇಲೆ ಮುದ್ರಣಾಲಯಕ್ಕೆ ಕಳಿಸಬೇಕು.